ಎಂ8 ಬೋಲ್ಟಿಗೆ ತೂತು ಎಷ್ಟು ದೊಡ್ಡದಿರಬೇಕು?

ತಲಾ 10 ಮಿ.ಮೀ. ದಪ್ಪದ ಎರಡು ಉಕ್ಕಿನ ಪಟ್ಟಿಗಳನ್ನು ಎಂ8 ಬೋಲ್ಟಿನಿಂದ ಜೋಡಿಸಬೇಕು ಎಂದುಕೊಳ್ಳಿ. ಕ್ಯಾಡ್ ತಂತ್ರಾಂಶದ ಫಾಸ್ಟನರ್ ಲೈಬ್ರರಿಯಲ್ಲಿ ಬೋಲ್ಟು, ನಟ್ಟು, ವಾಷರ್ ಸಿದ್ಧವಾಗಿರುತ್ತವೆ. ಉದ್ದವನ್ನು ಮಾತ್ರ ನಾವೇ ಲೆಕ್ಕ ಹಾಕಬೇಕು. ಪಟ್ಟಿಗಳು 20, ಎರಡು ವಾಷರ್ 3.2, ನಟ್ಟು 6.8, ಒಟ್ಟು 30 ಮಿ.ಮೀ. ನಟ್ಟಿನಾಚೆ ಎರಡು ಎಳೆಯಾದರೂ ಕಾಣಬೇಕಾದ್ದರಿಂದ ಇನ್ನೂ 2.5 ಸೇರಿಸಿ. 32.5ರ ಬೋಲ್ಟು ಅಂಗಡಿಯಲ್ಲಿ ಸಿಗದು, 35ರದ್ದನ್ನು ಆರಿಸಿ.

ತೂತನ್ನು ಸರಿಯಾಗಿ 8 ಮಿ.ಮೀ.ಗೆ ಕೊರೆದರೆ, ಎರಡು ಪಟ್ಟಿಗಳ ತೂತು ಕೂದಲೆಳೆಯಷ್ಟು ಜರುಗಿದ್ದರೂ ಬೋಲ್ಟು ಒಳಹೋಗದು. ಐಎಸ್ಒ 273 ಮಾನಕದ ಮಧ್ಯಮ ವರ್ಗ ಹೇಳುವುದು 9 ಮಿ.ಮೀ. ಆಗ ತೂತುಗಳು ಪರಸ್ಪರ 1 ಮಿ.ಮೀ.ವರೆಗೆ ಸರಿದಿದ್ದರೂ ಜೋಡಣೆ ಸಾಧ್ಯ. ಆದರೆ ಈ ಸಡಿಲು ತೂತು ಭಾಗಗಳನ್ನು ಕರಾರುವಾಕ್ಕಾಗಿ ಕೂರಿಸದು. ಅದಕ್ಕೆ ಡವೆಲ್ ಪಿನ್ನೇ ಬೇಕು.