ಅರೇಬಿಕ್‌ನಲ್ಲಿ ‘ಪ’ ಇಲ್ಲ, ಜಪಾನಿಯಲ್ಲಿ ‘ಲ’ ಇಲ್ಲ: ಶುಭಾಶಯ ಕಾರ್ಡ್‌ನಲ್ಲಿ ‘ಗೋಪಾಲ’ ಬರೆಸೋದು ಹೇಗೆ?

ದುಬೈನಲ್ಲೋ ಜಪಾನ್‌ನಲ್ಲೋ ಇರುವ ಮಗನಿಗೆ, ಅಳಿಯನಿಗೆ, ಅವರ ಅಲ್ಲಿನ ಗೆಳೆಯರಿಗೆ ತೋರಿಸಲು ಕಾರ್ಡ್‌ ಮಾಡಿಸುವಾಗ ‘ಹೆಸರನ್ನು ಅವರ ಭಾಷೆಯಲ್ಲೂ ಹಾಕಿಬಿಡಿ’ ಎನ್ನುವವರಿದ್ದಾರೆ. ಕೇಳೋಕೆ ಸುಲಭ. ಆದರೆ ಕನ್ನಡದ ಒಂದೊಂದು ಅಕ್ಷರಕ್ಕೆ ಅಲ್ಲಿ ಒಂದೊಂದು ಅಕ್ಷರ ಸಿಗಲ್ಲ. ‘ಗೋಪಾಲ’ ಎಂಬ ಒಂದೇ ಹೆಸರನ್ನು ಹಿಡಿದು ನೋಡಿದರೆ ತೊಂದರೆ ಎಲ್ಲಿ ಎಂಬುದು ಗೊತ್ತಾಗುತ್ತದೆ.

ಅರೇಬಿಕ್‌ನಲ್ಲಿ

ಬರಹದ ಅರೇಬಿಕ್‌ನಲ್ಲಿ ‘ಪ’ ಇಲ್ಲ. ಹಾಗಾಗಿ ಅಲ್ಲಿ ‘ಬ’ ಬರೆಯುತ್ತಾರೆ. ‘ಗ’ ಕೂಡ ಇಲ್ಲ. ಅದರ ಬದಲು ಗಂಟಲಿನಿಂದ ಬರುವ غ ಅಕ್ಷರವನ್ನು ಬಳಸುವುದು ರೂಢಿ. ಈಜಿಪ್ಟಿನವರು ‘ಗ’ಕ್ಕೆ ج ಬರೆಯುತ್ತಾರೆ, ಆದರೆ ಗಲ್ಫ್‌ನಲ್ಲಿ ಅದನ್ನು ‘ಜ’ ಎಂದು ಓದುವುದರಿಂದ ಗೋಪಾಲ ‘ಜೋಬಾಲ’ ಆಗಿಬಿಡುತ್ತಾನೆ. ‘ಓ’ಗೆ ಬರೆಯುವ و ಅಕ್ಷರವನ್ನು ‘ಊ’ ಎಂದೂ ಓದಬಹುದು. ಇಷ್ಟೆಲ್ಲ ಸೇರಿ ಹೆಸರು ಹೀಗೆ ಬರುತ್ತದೆ: غوبال. ಓದಿದರೆ ಸುಮಾರು ‘ಗೋಬಾಲ್’. ಕೊನೆಯ ‘ಅ’ ಕೇಳಿಸಲೇಬೇಕು ಎಂದರೆ ಕೊನೆಗೆ ಒಂದು ا ಸೇರಿಸಬೇಕು, ಆಗ ಅದು ‘ಗೋಬಾಲಾ’ ಎಂದು ಉದ್ದವಾಗುತ್ತದೆ.

ನಮ್ಮಲ್ಲಿ ಒಂದು ಎಡವಟ್ಟು ಆಗುವುದುಂಟು. ಉರ್ದು ಬಲ್ಲವರ ಹತ್ತಿರ ಬರೆಸಿದರೆ گوپال ಎಂದು ಬರುತ್ತದೆ. ಉರ್ದುವಿನಲ್ಲಿ ‘ಗ’, ‘ಪ’ ಎರಡಕ್ಕೂ ಅಕ್ಷರ ಇರುವುದರಿಂದ ಅದು ಉರ್ದುವಿಗೆ ಸರಿಯೇ. ಲಿಪಿ ಒಂದೇ ಥರ ಕಂಡರೂ ಆ ಎರಡು ಅಕ್ಷರ ಅರೇಬಿಕ್ ವರ್ಣಮಾಲೆಯಲ್ಲಿ ಇಲ್ಲ.

ಪ್ರಿಂಟಿಂಗ್ ಅಂಗಡಿಯವರು ನೋಡಬೇಕಾದ್ದು ಇನ್ನೊಂದಿದೆ. ಅರೇಬಿಕ್ ಬಲದಿಂದ ಎಡಕ್ಕೆ ಹೋಗುತ್ತದೆ, ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ಹೆಸರಿನಲ್ಲಿ ಐದು ಅಕ್ಷರ ಇದ್ದರೂ ಕಣ್ಣಿಗೆ ಮೂರು ತುಂಡು ಕಾಣಬೇಕು: ಬಲತುದಿಯಲ್ಲಿ غو, ನಡುವೆ با, ಎಡತುದಿಯಲ್ಲಿ ل. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಪೇಸ್ಟ್ ಮಾಡಿದರೆ ಐದೂ ಬಿಡಿಬಿಡಿಯಾಗಿ, ತಿರುಗುಮುರುಗಾಗಿ ಬೀಳುತ್ತವೆ. ಭಾಷೆ ಬರದವರೂ ತುಂಡು ಎಣಿಸಿ ಈ ತಪ್ಪು ಹಿಡಿಯಬಹುದು. ಹಾಗಾದಾಗ ಮೊಬೈಲ್‌ನಲ್ಲಿ ಸರಿಯಾಗಿ ಕಾಣುವ ಹೆಸರನ್ನು ದೊಡ್ಡದು ಮಾಡಿ ಚಿತ್ರವಾಗಿ ಸೇವ್ ಮಾಡಿ, ಅದನ್ನೇ ಡಿಸೈನ್‌ನಲ್ಲಿ ಕೂರಿಸುವುದು ಸುಲಭದ ದಾರಿ.

ಜಪಾನಿಯಲ್ಲಿ

ಹೊರಗಿನ ಹೆಸರುಗಳನ್ನು ಅಲ್ಲಿ ಕಟಕಾನಾ ಎಂಬ ಲಿಪಿಯಲ್ಲಿ ಬರೆಯುತ್ತಾರೆ. ಅದರಲ್ಲಿ ‘ಗ’, ‘ಪ’ ಎರಡೂ ಇವೆ, ‘ಲ’ ಮಾತ್ರ ಇಲ್ಲ. ಲ, ಳ, ರ ಮೂರಕ್ಕೂ ಒಂದೇ ಸಾಲಿನ ಅಕ್ಷರ. ಅದರಿಂದ ಅಮಲ ಮತ್ತು ಅಮರ ಎರಡೂ アマラ ಆಗುತ್ತವೆ, ಬೇರೆ ಮಾಡಿ ತೋರಿಸಲು ಆಗುವುದೇ ಇಲ್ಲ. ಇನ್ನೊಂದು ನಿಯಮ: ‘ನ್’ ಒಂದನ್ನು ಬಿಟ್ಟರೆ ಪದದ ಕೊನೆಯಲ್ಲಿ ಬಿಡಿ ವ್ಯಂಜನ ನಿಲ್ಲಲ್ಲ, ಒಂದು ಸ್ವರ ಬೇಕೇ ಬೇಕು. ‘ಗೋಪಾಲ್’ ಎಂದು ಕೊಟ್ಟರೆ ゴーパール, ಅಂದರೆ ‘ಗೋಪಾರು’. ‘ಗೋಪಾಲ’ ಎಂದೇ ಕೊಟ್ಟರೆ ゴーパーラ, ಅಂದರೆ ‘ಗೋಪಾರ’. ಮನೆಯಲ್ಲಿ ಹೇಗೆ ಕರೆಯುತ್ತಾರೆ ಎಂದು ಗಿರಾಕಿಯನ್ನು ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಇಲ್ಲಿ ಅಡ್ಡಗೆರೆ ಎಂದರೆ ದೀರ್ಘ. ಅದು ಅಲಂಕಾರ ಅಲ್ಲ, ಬಿಡುವಂತಿಲ್ಲ. ಹೆಸರನ್ನು ಮೇಲಿಂದ ಕೆಳಗೆ ಬರೆದರೆ ಆ ಗೆರೆಯೂ ಉದ್ದುದ್ದ ನಿಲ್ಲಬೇಕು. パ ಮೇಲಿನ ಪುಟ್ಟ ಸೊನ್ನೆ ‘ಪ’ ಎನ್ನುವುದರ ಗುರುತು. ಆ ಜಾಗದಲ್ಲಿ ಎರಡು ಗೀಟು ಬಂದರೆ ‘ಬ’, ಏನೂ ಇಲ್ಲದಿದ್ದರೆ ‘ಹ’. ಕೇಕ್ ಮೇಲೆ ಕ್ರೀಮ್‌ನಲ್ಲಿ ಬರೆಯುವಾಗಲೂ ಸಣ್ಣ ಅಕ್ಷರದ ಪ್ರಿಂಟ್‌ನಲ್ಲೂ ಮೊದಲು ಹಾಳಾಗುವುದು ಈ ಸೊನ್ನೆಯೇ. ಶುಭಾಶಯದಲ್ಲಿ ಹೆಸರಿನ ನಂತರ さん (ಸಾನ್) ಸೇರಿಸುವುದು ನಮ್ಮ ‘ಅವರೇ’ ಇದ್ದಂತೆ. ಕಳಿಸುವವರು ಅದನ್ನು ತಮ್ಮ ಹೆಸರಿಗೆ ಹಾಕಿಕೊಳ್ಳಬಾರದು.

ಅಚ್ಚಿಗೆ ಕೊಡುವ ಮುನ್ನ

ಹೆಸರಿನವರು ಅಲ್ಲೇ ವಾಸವಿದ್ದರೆ ಹೊಸದಾಗಿ ಬರೆಸುವ ಗೋಜೇ ಬೇಡ. ಯುಎಇ ಗುರುತಿನ ಚೀಟಿಯಲ್ಲಿ ಅರೇಬಿಕ್ ಹೆಸರು ಇರುತ್ತದೆ. ಜಪಾನ್‌ನ ಬ್ಯಾಂಕ್ ಖಾತೆಯಲ್ಲಿ ಸಾಮಾನ್ಯವಾಗಿ ಕಟಕಾನಾ ಹೆಸರು ಇರುತ್ತದೆ. ಬರೆಯುವ ರೀತಿ ಒಂದಕ್ಕಿಂತ ಹೆಚ್ಚು ಇರುವುದರಿಂದ ಅವರು ಅಲ್ಲಿ ಈಗಾಗಲೇ ಬಳಸುತ್ತಿರುವುದನ್ನೇ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಹಾಕಿದರೆ ಸಾಕು.

ಹೊಸದಾಗಿ ಬರೆಸಿದ್ದಾದರೆ ಆ ಭಾಷೆ ಓದುವ ಒಬ್ಬರಿಗೆ ಕಳಿಸಿ, ‘ಇದನ್ನು ಓದಿ ವಾಯ್ಸ್ ಮೆಸೇಜ್ ಹಾಕಿ’ ಎನ್ನಬೇಕು. ಹೆಸರೇನು ಎಂದು ಮೊದಲೇ ಹೇಳಬಾರದು, ಹೇಳಿದರೆ ತಪ್ಪಿದ್ದರೂ ಸರಿಯಾಗಿಯೇ ಓದಿಬಿಡುತ್ತಾರೆ. ಅರೇಬಿಕ್‌ನಲ್ಲಿ ‘ಗೋಬಾಲ್’, ಜಪಾನಿಯಲ್ಲಿ ‘ಗೋಪಾರು’ ಎಂದು ಕೇಳಿಸಿದರೆ ಅದು ತಪ್ಪಲ್ಲ. ‘ಜೋಬಾಲ್’, ‘ಗೋಹಾರು’ ಎಂದು ಕೇಳಿಸಿದರೆ ಮಾತ್ರ ಪ್ರಿಂಟ್ ನಿಲ್ಲಿಸಿ ತಿದ್ದಿಸಬೇಕು.