ಅವರು ಮಲಗಿರುವಾಗ ನಿಮ್ಮ ಕೆಲಸ ನಿಲ್ಲಬಾರದು

ಸ್ಯಾನ್ ಫ್ರಾನ್ಸಿಸ್ಕೊದ ತಂಡಕ್ಕೆ ಹುಬ್ಬಳ್ಳಿಯ ಮನೆಯಿಂದಲೇ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಎಂದಿಟ್ಟುಕೊಳ್ಳೋಣ. ‘ನಾನು ಶಿಸ್ತಿನ ಮನುಷ್ಯ, ಯಾವ ಹೊತ್ತಿನಲ್ಲಾದರೂ ಸಿಗುತ್ತೇನೆ’ ಎಂದು ಅರ್ಜಿಯಲ್ಲಿ ಬರೆಯುವವರು ಹಲವರು. ಆಯ್ಕೆ ಮಾಡುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ತಾವು ಮಲಗಿರುವಾಗ ಈ ವ್ಯಕ್ತಿಯ ಕೆಲಸ ಸಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಬರವಣಿಗೆಯಲ್ಲೇ ಕಾಣಬೇಕು.

ಮೊದಲ ಸಾಕ್ಷಿ ಗಡಿಯಾರದ್ದು. ಬೇಸಿಗೆಯಲ್ಲಿ ಆ ಊರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ನಮ್ಮ ರಾತ್ರಿ 8:30 ಎಂದರೆ ಅಲ್ಲಿ ಅದೇ ದಿನದ ಬೆಳಿಗ್ಗೆ 8. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್‌ನ ಎರಡನೇ ಭಾನುವಾರ ಮತ್ತೆ ಮುಂದಕ್ಕೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಅಂತರ ಹದಿಮೂರೂವರೆ ಗಂಟೆಯಾಗುತ್ತದೆ. ಇದನ್ನು ಬಲ್ಲವರು ಹೀಗೆ ಬರೆಯುತ್ತಾರೆ: ‘ಪ್ರತಿದಿನ ನಿಮ್ಮ ಬೆಳಿಗ್ಗೆ 8ರಿಂದ 10ರವರೆಗೆ ಮಾತಿಗೆ ಸಿಗುತ್ತೇನೆ. ಅದು ಭಾರತದಲ್ಲಿ ರಾತ್ರಿ 8:30ರಿಂದ 10:30. ನವೆಂಬರ್‌ನಿಂದ ನಾನು ಒಂದು ಗಂಟೆ ತಡವಾಗಿ ಕೂರುತ್ತೇನೆ, ನಿಮ್ಮ ಸಮಯ ಬದಲಾಗುವುದಿಲ್ಲ.’ ಯಾವ ಹೊತ್ತಿಗೂ ಸಿಗುತ್ತೇನೆ ಎಂಬ ಭರವಸೆಗಿಂತ ಈ ಎರಡು ಗಂಟೆಗಳ ಲೆಕ್ಕಕ್ಕೆ ಬೆಲೆ ಹೆಚ್ಚು. ತಾರೀಕಿನಲ್ಲೂ ಇದೇ ಎಚ್ಚರ ಬೇಕು. 05/06 ಎಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರನ್ನೇ ಬರೆದುಬಿಟ್ಟರೆ ಗೊಂದಲವಿಲ್ಲ.

ನಿಜವಾದ ಪರೀಕ್ಷೆ, ಅರ್ಜಿಯ ನಂತರ ಕೊಡುವ ಮಾದರಿ ಕೆಲಸದಲ್ಲಿದೆ. ಒಂದು ನೋಂದಣಿ ಪುಟದ ದೋಷಗಳನ್ನು ಹುಡುಕಿ ಶುಕ್ರವಾರದೊಳಗೆ ವರದಿ ಕೊಡಿ ಎನ್ನುತ್ತಾರೆ. ಮೊಬೈಲ್‌ನಲ್ಲೂ ಪರೀಕ್ಷಿಸಬೇಕೇ ಎಂಬುದನ್ನು ಹೇಳಿರುವುದಿಲ್ಲ. ಅಭ್ಯರ್ಥಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ‘ನಮಸ್ಕಾರ, ಒಂದು ಸಂದೇಹವಿತ್ತು’ ಎಂದಷ್ಟೇ ಬರೆದು ಕಾಯುತ್ತಾನೆ. ಬೇಸಿಗೆಯಾದರೆ ಅಲ್ಲಿ ಆಗ ಸೋಮವಾರ ರಾತ್ರಿ ಒಂಬತ್ತೂವರೆ. ಅವರು ಬೆಳಿಗ್ಗೆ ಎದ್ದು ‘ಏನು ಸಂದೇಹ?’ ಎಂದು ಕೇಳುವಾಗ ಇಲ್ಲಿ ಮಂಗಳವಾರ ರಾತ್ರಿಯಾಗಿರುತ್ತದೆ. ಇವನು ಬುಧವಾರ ಬೆಳಿಗ್ಗೆ ಪ್ರಶ್ನೆ ಕಳಿಸಿದರೆ ಉತ್ತರ ಸಿಗುವುದು ಬುಧವಾರ ರಾತ್ರಿ. ಒಂದೇ ಸಣ್ಣ ಪ್ರಶ್ನೆಗೆ ಎರಡು ದಿನ ಕಳೆದುಹೋಯಿತು.

ಇನ್ನೊಬ್ಬಳು ಅದೇ ಹೊತ್ತಿಗೆ ಕಳಿಸುವ ಪತ್ರ ಬೇರೆ ರೀತಿಯದು. ಬರೆಯುವುದು ಇಂಗ್ಲಿಷಿನಲ್ಲೇ, ಸಾರಾಂಶ ಹೀಗೆ: ‘ಕಂಪ್ಯೂಟರ್‌ನಲ್ಲಿ ಪರೀಕ್ಷೆ ಮುಗಿದಿದೆ, ಐದು ದೋಷಗಳು ಸಿಕ್ಕಿವೆ, ವಿವರ ಜೊತೆಗಿದೆ. ಮೊಬೈಲ್ ಬಗ್ಗೆ ಸೂಚನೆಯಲ್ಲಿ ಇಲ್ಲ. ಬೇಕೆಂದೇ ಭಾವಿಸಿ ಇಂದು ಒಂದು ಆಂಡ್ರಾಯ್ಡ್ ಫೋನಿನಲ್ಲಿ ನೋಡುತ್ತೇನೆ. ಅದನ್ನು ಪ್ರತ್ಯೇಕ ಪುಟದಲ್ಲಿ ಇಡುವುದರಿಂದ ಬೇಡವಾದರೆ ಬಿಟ್ಟುಬಿಡಬಹುದು. ನಿಮ್ಮ ಗುರುವಾರ ಬೆಳಿಗ್ಗೆ 8ರೊಳಗೆ ಪೂರ್ತಿ ವರದಿ ತಲುಪುತ್ತದೆ.’ ಎಲ್ಲಿಯವರೆಗೆ ಆಗಿದೆ, ಎಲ್ಲಿ ಅಸ್ಪಷ್ಟವಿದೆ, ತಾನು ಏನೆಂದುಕೊಂಡು ಮುಂದುವರಿಯುತ್ತಿದ್ದೇನೆ, ಯಾವಾಗ ಮುಗಿಯುತ್ತದೆ ಎಂಬುದೆಲ್ಲ ಒಂದೇ ಓದಿಗೆ ಸಿಕ್ಕಿತು. ಮರುಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ. ತನ್ನ ಕೆಲಸವನ್ನು ತಾನೇ ನಿಭಾಯಿಸುವವಳು ಎಂದು ಎಲ್ಲೂ ಹೇಳಿಕೊಳ್ಳದೆ ಆಕೆ ಅದನ್ನು ತೋರಿಸಿದಳು.

ಆದರೆ ಹೀಗೆ ಊಹಿಸಿ ಮುಂದುವರಿಯುವುದಕ್ಕೆ ಒಂದು ಮಿತಿಯಿದೆ. ಊಹೆ ತಪ್ಪಾದರೆ ಹಿಂದಕ್ಕೆ ಬರಲು ಆಗುವಂತಿರಬೇಕು. ಮಾಹಿತಿ ಅಳಿಸುವುದು, ಗ್ರಾಹಕರಿಗೆ ಸಂದೇಶ ಕಳಿಸುವುದು, ಹಣ ಖರ್ಚಾಗುವುದು ಇಂಥಲ್ಲಿ ನಿಂತು ಕೇಳಲೇಬೇಕು. ಕೇಳುವಾಗಲೂ ಪ್ರಶ್ನೆಯನ್ನು ಪೂರ್ತಿಯಾಗಿ ಬರೆದು, ‘ಎ’ ಅಥವಾ ‘ಬಿ’ ಎಂದು ಒಂದೇ ಅಕ್ಷರದಲ್ಲಿ ಉತ್ತರಿಸುವಂತೆ ಆಯ್ಕೆಗಳನ್ನು ಕೊಟ್ಟು, ಉತ್ತರ ಬರುವವರೆಗೆ ಬೇರೆ ಯಾವ ಭಾಗ ಮಾಡುತ್ತಿರುತ್ತೀರಿ ಎಂದು ತಿಳಿಸಿದರೆ ಆ ರಾತ್ರಿ ವ್ಯರ್ಥವಾಗುವುದಿಲ್ಲ.

ದೂರದ ತಂಡದಲ್ಲಿ ಹಿಂದೆ ಕೆಲಸ ಮಾಡದವರೂ ಅರ್ಜಿಯಲ್ಲಿ ಇಂಥ ಸಾಕ್ಷಿ ಕೊಡಬಹುದು. ಮೇಲ್ವಿಚಾರಕರು ಪಕ್ಕದಲ್ಲಿಲ್ಲದಾಗ ಮುಗಿಸಿದ ಒಂದು ಕೆಲಸವನ್ನು ಆರಿಸಿಕೊಳ್ಳಿ. ಏನು ಸಿಕ್ಕಿಹಾಕಿಕೊಂಡಿತ್ತು, ನೀವೇ ಏನು ನಿರ್ಧರಿಸಿದಿರಿ, ಅದನ್ನು ಯಾರಿಗೆ ಹೇಗೆ ತಿಳಿಸಿದಿರಿ ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ. ಗುಟ್ಟಿನದಲ್ಲದ ಹಳೆಯ ವರದಿಯಿದ್ದರೆ ಜೊತೆಗಿಡಿ.

ಕೊನೆಗೆ ನೀವೂ ಬರಹದಲ್ಲೇ ಕೇಳಬೇಕಾದ ಒಂದು ಪ್ರಶ್ನೆಯಿದೆ: ದಿನದ ಯಾವ ಗಂಟೆಗಳಲ್ಲಿ ಹಾಜರಿ ಕಡ್ಡಾಯ? ‘ಎರಡು ಗಂಟೆ, ಉಳಿದದ್ದು ನಿಮ್ಮಿಷ್ಟ’ ಎಂಬ ಉತ್ತರ ಬಂದರೆ ಆ ತಂಡ ಬರಹದ ಮೇಲೆ ನಡೆಯಲು ಕಲಿತಿದೆ ಎನ್ನಬಹುದು. ಅಲ್ಲಿನ ಒಂಬತ್ತರಿಂದ ಐದು ಎಂದರೆ ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆಯಿಂದ ನಸುಕಿನ ಐದೂವರೆ. ಅದು ರಾತ್ರಿ ಪಾಳಿ. ಒಪ್ಪುವುದಾದರೆ ಹಾಗೆಂದು ತಿಳಿದೇ ಒಪ್ಪಿ. ‘ಸೇರಿದ ಮೇಲೆ ನೋಡೋಣ’ ಎಂದರೆ, ಸಹಿ ಹಾಕುವ ಮೊದಲು ಇನ್ನೊಮ್ಮೆ ಕೇಳಿ.