ವರದಿಗಾರರಿಗೆ ಬೇಕಾದ ಎರಡು ಪ್ಯಾರಾ

ಪತ್ರಿಕಾ ಪ್ರಕಟಣೆಯ ಕೊನೆಗೆ 'ಕಂಪನಿಯ ಬಗ್ಗೆ' ಎಂಬ ಪ್ಯಾರಾ ಇರುತ್ತದೆ. ಗಡುವಿನ ಒತ್ತಡದಲ್ಲಿರುವ ವರದಿಗಾರ ಅದನ್ನು ಹಾಗೆಯೇ ಎತ್ತಿಕೊಳ್ಳಬಹುದು. ಆದ್ದರಿಂದ ಅಲ್ಲಿರುವ ತಪ್ಪು ಮರುದಿನ ಅಚ್ಚಾಗುತ್ತದೆ.

ತುಮಕೂರಿನಲ್ಲಿ ಸಿರಿಧಾನ್ಯದ ತಿಂಡಿ ಮಾಡುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಅದರ ಹಳೆಯ ಪರಿಚಯ ಹೀಗಿದೆ: 'ಎಂಟು ವರ್ಷಗಳಿಂದ ಗ್ರಾಹಕರ ಮನಗೆದ್ದ, ದೇಶದ ಅಗ್ರಗಣ್ಯ ಆಹಾರ ಸಂಸ್ಥೆ.' ಪ್ರತಿಸ್ಪರ್ಧಿಯ ಹೆಸರು ಹಾಕಿದರೂ ಈ ವಾಕ್ಯ ಒಪ್ಪುತ್ತದೆ. ಹಾಗಾದರೆ ಅದು ಏನನ್ನೂ ಹೇಳುತ್ತಿಲ್ಲ. 'ಎಂಟು ವರ್ಷ' ಎಂಬುದಂತೂ ಮುಂದಿನ ವರ್ಷವೇ ಸುಳ್ಳಾಗುತ್ತದೆ.

ತಿದ್ದಿದ ರೂಪ: 'ತುಮಕೂರಿನ ಈ ಕಂಪನಿ 2017ರಿಂದ ರಾಗಿ, ನವಣೆಯ ತಿಂಡಿ ತಯಾರಿಸಿ ಮಾರುತ್ತಿದೆ. 2025ರ ಮಾರ್ಚ್ ಅಂತ್ಯಕ್ಕೆ 140 ಅಂಗಡಿಗಳಲ್ಲಿ ಇವು ಸಿಗುತ್ತಿದ್ದವು.' ಅಂಕಿಯ ಜೊತೆ ದಿನಾಂಕವಿದ್ದರೆ ಅದು ಹಳತಾದರೂ ತಪ್ಪಾಗುವುದಿಲ್ಲ. ಇಸವಿಯಲ್ಲೂ ಎಚ್ಚರ ಬೇಕು: ಮಾರಾಟ ಶುರುವಾದದ್ದು 2017, ನೋಂದಣಿಯಾದದ್ದು 2018 ಆಗಿದ್ದರೆ, ಯಾವುದನ್ನು ಬರೆದಿದ್ದೀರಿ ಎಂಬುದು ವಾಕ್ಯದಲ್ಲೇ ತಿಳಿಯಬೇಕು.

ಸ್ಥಾಪಕರ ಪರಿಚಯ ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಅಭಿಮಾನ ಅಡ್ಡ ಬರುತ್ತದೆ. ಬಾಲ್ಯದ ಕನಸು ಬಿಡಿ. ಈಗಿನ ಹುದ್ದೆ ಮೊದಲು ಬರಲಿ, ನಂತರ ಈ ವ್ಯವಹಾರಕ್ಕೆ ಸಂಬಂಧಿಸಿದ ಹಿಂದಿನ ಒಂದು ಕೆಲಸ: 'ಕಂಪನಿಯ ಸಹ ಸ್ಥಾಪಕಿ, ಉತ್ಪಾದನೆಯ ಹೊಣೆ ಇವರದು. ಮೊದಲು ಬೇಕರಿಯೊಂದರಲ್ಲಿ ಗುಣಮಟ್ಟ ಪರೀಕ್ಷಕಿಯಾಗಿದ್ದರು.' ಇಬ್ಬರು ಸೇರಿ ಕಟ್ಟಿದ್ದರೆ, ಒಬ್ಬರು ಬಿಟ್ಟುಹೋದ ಮೇಲೂ ಉಳಿದವರು 'ಸಹ ಸ್ಥಾಪಕಿ'ಯೇ.

ಕೊನೆಗೆ ಕಡತದ ಮೇಲೆ ತಿದ್ದಿದ ತಿಂಗಳು ಬರೆದು, ವೆಬ್‌ಸೈಟಿನಲ್ಲಿರುವ ಹಳೆಯ ಪ್ರತಿಯನ್ನು ತೆಗೆಯಿರಿ.